ಎಣ್ಣೆ ಪ್ಯಾಕೆಟ್ ಮೇಲೆ ನಿಮ್ಮ ಫೋಟೊ: ಬಳಕೆಗೂ ಅವಧಿಗೂ ತಕ್ಕ ಲೈಸೆನ್ಸ್ ಶುಲ್ಕದ ಲೆಕ್ಕ

ಚಳ್ಳಕೆರೆಯ ಎಣ್ಣೆ ಮಿಲ್ಲಿನವರೊಬ್ಬರು ನಿಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ ಒಂದು ಫೋಟೊ ನೋಡಿದ್ದಾರೆ ಎಂದಿಟ್ಟುಕೊಳ್ಳಿ. ಹೊಲದಲ್ಲಿ ಹೆಣ್ಣುಮಗಳೊಬ್ಬಳು ಶೇಂಗಾ ಗಿಡ ಕಿತ್ತು, ಕಾಯಿಗೊಂಚಲಿಗೆ ಅಂಟಿದ ಕೆಂಪು ಮಣ್ಣನ್ನು ಕೊಡವುತ್ತಿರುವ ಚಿತ್ರ ಅದು. ಮಿಲ್ಲಿನವರು ಫೋನ್ ಮಾಡಿ, "ಈ ಫೋಟೊ ನಮ್ಮ ಪ್ಯಾಕೆಟ್ ಮೇಲೆ ಹಾಕ್ಕೋಬೇಕು, ಏನ್ ಕೊಡ್ಲಿ ಹೇಳ್ರಿ" ಅನ್ನುತ್ತಾರೆ. ಬಹಳ ಜನ ಇಲ್ಲಿಯೇ ಐದು ಸಾವಿರವೋ ಹತ್ತು ಸಾವಿರವೋ ಬಾಯಿಗೆ ಬಂದದ್ದು ಹೇಳಿ, ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿ ಮುಗಿಸುತ್ತಾರೆ. ಆ ಹಣ ಒಂದು ಪ್ಯಾಕೆಟ್ಟಿಗೋ, ಟಿನ್ನಿಗೂ ಸೇರಿಯೋ, ಒಂದು ವರ್ಷಕ್ಕೋ, ಮಿಲ್ಲು ಇರುವವರೆಗೋ ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ. ಎರಡು ವರ್ಷದ ಮೇಲೆ ಬಸ್ ನಿಲ್ದಾಣದ ಎದುರಿನ ಹೋರ್ಡಿಂಗಿನಲ್ಲಿ ಅದೇ ಫೋಟೊ ಕಂಡಾಗ ಜಗಳ ಶುರುವಾಗುತ್ತದೆ.

ಈ ಒಂದು ಪ್ರಕರಣವನ್ನೇ ಹಿಡಿದು ಲೆಕ್ಕ ಹಾಕೋಣ. ಪ್ಯಾಕೆಟ್ಟಿನ ಮೇಲಿನ ಬಳಕೆ ಎಲ್ಲಕ್ಕಿಂತ ತೊಡಕಿನದು. ಅದರ ಲೆಕ್ಕ ತಿಳಿದರೆ ಬಟ್ಟೆ ಅಂಗಡಿಯ ಫ್ಲೆಕ್ಸು, ಹೋಟೆಲಿನ ಮೆನು ಕಾರ್ಡುಗಳ ಲೆಕ್ಕ ಸಲೀಸು.

ಮೊದಲು, ಫೋಟೊ ನಿಮ್ಮದೇ ಹೌದೇ ನೋಡಿಕೊಳ್ಳಿ

ಕ್ಯಾಮೆರಾ ನಿಮ್ಮದು, ಶಟರ್ ಒತ್ತಿದ್ದು ನೀವು ಅಂದ ಮಾತ್ರಕ್ಕೆ ಹಕ್ಕೂ ನಿಮ್ಮದೇ ಎಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆತನ ತೆಗೆಸಿದವರದು. ಬೇರೆ ರೀತಿ ಒಪ್ಪಂದ ಆಗಿದ್ದರೆ ಮಾತ್ರ ಅದು ಬದಲಾಗುತ್ತದೆ. ಸಂಬಳಕ್ಕಿದ್ದು ಕೆಲಸದ ಭಾಗವಾಗಿ ತೆಗೆದದ್ದಾದರೆ ಸಾಮಾನ್ಯವಾಗಿ ಮಾಲೀಕರದು. ನೀವಾಗಿ ಹೊಲಕ್ಕೆ ಹೋಗಿ, ಯಾರೂ ಹೇಳದೆ ತೆಗೆದ ಶೇಂಗಾ ಫೋಟೊ ಮಾತ್ರ ಪೂರ್ತಿ ನಿಮ್ಮದು.

ದಾವಣಗೆರೆ, ಚಿತ್ರದುರ್ಗದ ಸ್ಟುಡಿಯೊಗಳಿಗೆ ಇದು ಯಾಕೆ ಮುಖ್ಯವೆಂದರೆ, ನಮ್ಮವರ ಹಾರ್ಡ್ ಡಿಸ್ಕಿನಲ್ಲಿ ಇರುವುದರಲ್ಲಿ ಮುಕ್ಕಾಲು ಪಾಲು ಮದುವೆ ಫೋಟೊ. ರೇಷ್ಮೆ ಸೀರೆ ಅಂಗಡಿಯವರು ಬಂದು ಚೆಂದದ ಮದುಮಗಳ ಫೋಟೊ ಒಂದು ಕೊಡಿ ಅಂದರೆ ಕೊಡುವಂತಿಲ್ಲ. ಅದರ ಹಕ್ಕು ಮದುವೆ ಮನೆಯವರದು. ಮದುವೆ ಬುಕಿಂಗ್ ರಸೀದಿಯಲ್ಲಿ 'ಚಿತ್ರಗಳ ಕೃತಿಸ್ವಾಮ್ಯ ಛಾಯಾಗ್ರಾಹಕರದು' ಎಂದು ಬರೆದು ಅವರ ಸಹಿ ಪಡೆದಿದ್ದರೆ ಮಾತು ಬೇರೆ. ಆಗಲೂ ಮದುಮಗಳ ಒಪ್ಪಿಗೆ ಬೇರೆಯೇ ಬೇಕು.

ಹಾಗೆಯೇ, ಮಿಲ್ಲಿನವರು "ನೀವೇ ಬಂದು ಹೊಸದಾಗಿ ತೆಗೀರಿ, ದಿನಕ್ಕೆ ಇಷ್ಟು ಕೊಡ್ತೀವಿ" ಅಂದರೆ ಕ್ಯಾಮೆರಾ ಬ್ಯಾಗು ಹೆಗಲಿಗೆ ಹಾಕುವ ಮೊದಲೇ ಒಂದು ಸಾಲು ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ಲೈಸೆನ್ಸ್ ಮಾತು ತೆಗೆದರೆ ಕಾನೂನು ಅವರ ಕಡೆಗಿರುತ್ತದೆ.

ಫೋಟೊದಲ್ಲಿರುವ ಮನುಷ್ಯರ ಒಪ್ಪಿಗೆ

ನಮ್ಮ ಚಿತ್ರದಲ್ಲಿ ಆ ಹೆಣ್ಣುಮಗಳ ಮುಖ ಚೆನ್ನಾಗಿ ಕಾಣುತ್ತದೆ. ಕೃತಿಸ್ವಾಮ್ಯ ನಿಮ್ಮದಾದರೂ ಅವಳ ಮುಖ ನಿಮ್ಮದಲ್ಲ. ಒಬ್ಬರ ಹೆಸರನ್ನೋ ರೂಪವನ್ನೋ ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಪತ್ರಿಕೆಯ ಸುದ್ದಿಯಲ್ಲಿ, ಪ್ರದರ್ಶನದಲ್ಲಿ ನಡೆದುಹೋಗುವ ಫೋಟೊ ಎಣ್ಣೆ ಪ್ಯಾಕೆಟ್ ಮೇಲೆ ಬಂದಾಗ ಜಾಹೀರಾತಾಗುತ್ತದೆ.

ಒಂದು ಹಾಳೆಯಲ್ಲಿ ಕನ್ನಡದಲ್ಲೇ ಒಪ್ಪಿಗೆ ಪತ್ರ ಬರೆಯಿರಿ: ಯಾವ ಫೋಟೊ, ಯಾವ ವಸ್ತುವಿನ ಮೇಲೆ, ಎಷ್ಟು ವರ್ಷ, ಅವರಿಗೆ ಎಷ್ಟು ಹಣ. ಫೋಟೊದ ಸಣ್ಣ ಪ್ರಿಂಟನ್ನು ಅದೇ ಹಾಳೆಗೆ ಅಂಟಿಸಿ. ಓದು ಬರದವರಾದರೆ ಊರಿನ ಒಬ್ಬರ ಎದುರು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಓದಿ ಹೇಳಿದವರ ಸಹಿಯನ್ನೂ ಸಾಕ್ಷಿಯಾಗಿ ಹಾಕಿಸಿ. 18 ವರ್ಷದೊಳಗಿನವರಾದರೆ ತಂದೆಯೋ ತಾಯಿಯೋ ಸಹಿ ಹಾಕಬೇಕು. ಆ ಹೆಣ್ಣುಮಗಳಿಗೆ ಕೊಡುವ ಹಣವನ್ನು ಮಿಲ್ಲಿನವರ ಹತ್ತಿರ ಬೇರೆಯಾಗಿ ಕೇಳಿ, ನಿಮ್ಮ ಶುಲ್ಕದೊಳಗೆ ಸೇರಿಸಬೇಡಿ. ಒಂದು ದಿನದ ಕೂಲಿ ಕೊಟ್ಟು ಮುಗಿಸುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ. ಸಾವಿರಾರು ಅಡುಗೆಮನೆಗೆ ಹೋಗುವ ಮುಖ ಅದು. ಅವರನ್ನು ಹುಡುಕಲು ಆಗದಿದ್ದರೆ ಅಥವಾ ಅವರು ಬೇಡವೆಂದರೆ ಕೈ, ಗಿಡ, ಮಣ್ಣು ಮಾತ್ರ ಉಳಿಯುವ ಹಾಗೆ ಕತ್ತರಿಸಿ ಕೊಡಿ. ಎಷ್ಟೋ ಸಲ ಪ್ಯಾಕೆಟ್ಟಿಗೆ ಅದೇ ಹೆಚ್ಚು ಒಪ್ಪುತ್ತದೆ.

ಬೆಲೆ ಹೇಳುವ ಮೊದಲು ಕೇಳಬೇಕಾದ್ದು

ಮಿಲ್ಲಿನವರಿಗೆ ಅವತ್ತೇ ಅಂಕಿ ಹೇಳಬೇಡಿ. "ಎಲ್ಲೆಲ್ಲಿ ಹಾಕ್ತೀರಿ ಅಂತ ಹೇಳಿ ಸಾರ್, ಸಂಜೆಯೊಳಗೆ ಲೆಕ್ಕ ಹಾಕಿ ಕಳಿಸ್ತೀನಿ" ಅನ್ನಿ. ಆಮೇಲೆ ನಾಲ್ಕು ವಿಷಯ ತಿಳಿದುಕೊಳ್ಳಿ. ಫೋಟೊ ಯಾವ ಮಾಧ್ಯಮದಲ್ಲಿ ಬರುತ್ತದೆ: ಒಂದು ಲೀಟರ್ ಪ್ಯಾಕೆಟ್ಟೇ, 15 ಕೆ.ಜಿ. ಟಿನ್ನೇ, ಅಂಗಡಿ ಮುಂದಿನ ಫ್ಲೆಕ್ಸೇ, ಪತ್ರಿಕೆಯೇ? ಎಣ್ಣೆ ಯಾವ ಜಿಲ್ಲೆಗಳಿಗೆ ಹೋಗುತ್ತದೆ? ಎಷ್ಟು ಕಾಲಕ್ಕೆ ಬೇಕು? ಇದೇ ಫೋಟೊವನ್ನು ಬೇರೆಯವರಿಗೆ ಕೊಡಬಾರದು ಎಂಬ ಎಕ್ಸ್‌ಕ್ಲೂಸಿವ್ ಹಕ್ಕು ಬೇಕೇ?

ಈ ನಾಲ್ಕನೆಯದನ್ನು ನೀವೇ ಎತ್ತಿ ಕೇಳಿ. ಎಣ್ಣೆ ಮಿಲ್ಲುಗಳು ಒತ್ತೊತ್ತಾಗಿರುವ ಚಳ್ಳಕೆರೆಯಂಥ ಊರಿನಲ್ಲಿ ಪಕ್ಕದ ಮಿಲ್ಲಿನ ಪ್ಯಾಕೆಟ್ ಮೇಲೂ ಅದೇ ಫೋಟೊ ಬಂದರೆ ಹೇಗೆ ಎಂಬ ಭಯ ಅವರಿಗೆ ಇದ್ದೇ ಇರುತ್ತದೆ. ಆದರೆ ಆ ಭಯಕ್ಕೆ ಬೇರೆ ಬೆಲೆಯಿದೆ ಎಂಬುದು ಅವರಿಗೆ ತೋಚಿರುವುದಿಲ್ಲ.

ಮೂಲ ದರ ಮತ್ತು ಪಟ್ಟು

ನಮ್ಮ ದೇಶದಲ್ಲಿ ಫೋಟೊ ಲೈಸೆನ್ಸಿಗೆ ಸರ್ಕಾರ ನಿಗದಿ ಮಾಡಿದ ದರಪಟ್ಟಿ ಇಲ್ಲ. ಆದ್ದರಿಂದ ನಿಮ್ಮದೇ ಒಂದು ಮೂಲ ದರ ಬೇಕು. ನಾವು ಹೇಳುವ ವಿಧಾನ ಇದು: ಒಂದು ಫೋಟೊವನ್ನು ಒಂದು ವ್ಯಾಪಾರ ಸಂಸ್ಥೆ ತನ್ನ ಸ್ವಂತ ಸಾಮಾಜಿಕ ಜಾಲತಾಣದ ಪುಟದಲ್ಲಿ, ಒಂದು ವರ್ಷ, ಎಕ್ಸ್‌ಕ್ಲೂಸಿವ್ ಅಲ್ಲದೆ ಬಳಸುವುದಕ್ಕೆ ನಿಮ್ಮ ಒಂದು ದಿನದ ಕಮರ್ಷಿಯಲ್ ಶೂಟಿಂಗ್ ದರದ ಮೂರನೇ ಒಂದು ಪಾಲು. ದಿನಕ್ಕೆ 12,000 ರೂಪಾಯಿ ತೆಗೆದುಕೊಳ್ಳುವವರಾದರೆ ಮೂಲ ದರ 4,000. ದಿನಕ್ಕೆ 6,000 ತೆಗೆದುಕೊಳ್ಳುವವರಿಗೆ 2,000. ಮುಂದಿನ ಲೆಕ್ಕವೆಲ್ಲ 4,000ದ ಮೇಲೆ ಇದೆ. ನಿಮ್ಮ ಅಂಕಿ ಹಾಕಿಕೊಳ್ಳಿ.

ಇದರ ಮೇಲೆ ಮಾಧ್ಯಮದ ಪಟ್ಟು. ಸ್ವಂತ ಪುಟ, ವೆಬ್‌ಸೈಟಿಗೆ ಒಂದು ಪಟ್ಟು. ಅಂಗಡಿಗಳ ಪೋಸ್ಟರ್, ಸಣ್ಣ ಫ್ಲೆಕ್ಸಿಗೆ ಒಂದೂವರೆ. ಪತ್ರಿಕೆ ಜಾಹೀರಾತಿಗೆ ಎರಡು, ಹೋರ್ಡಿಂಗಿಗೆ ಎರಡೂವರೆ, ಪ್ಯಾಕೆಟ್ಟಿಗೆ ನಾಲ್ಕು. ಪ್ಯಾಕೆಟ್ಟಿಗೆ ಯಾಕೆ ಇಷ್ಟು ಎಂದು ಕೇಳಿದರೆ ಉತ್ತರ ಸಿದ್ಧವಿರಲಿ: ಫ್ಲೆಕ್ಸು ಮಾಲಿನ ಸುದ್ದಿ ಹೇಳುತ್ತದೆ, ಪ್ಯಾಕೆಟ್ಟಿನ ಮೇಲಿನ ಚಿತ್ರ ಮಾಲಿನ ಜೊತೆಗೇ ಮಾರಾಟವಾಗುತ್ತದೆ. ಗಿರಾಕಿ ಅಕ್ಷರ ಓದದೆ ಚಿತ್ರ ನೋಡಿಯೇ "ಆ ಶೇಂಗಾ ಹೆಂಗಸಿನ ಎಣ್ಣೆ ಕೊಡಿ" ಅನ್ನುತ್ತಾನೆ.

ಪ್ರದೇಶಕ್ಕೆ ಒಂದೆರಡು ಜಿಲ್ಲೆಯಾದರೆ ಒಂದು ಪಟ್ಟು, ಇಡೀ ಕರ್ನಾಟಕಕ್ಕೆ ಒಂದೂವರೆ, ದಕ್ಷಿಣದ ರಾಜ್ಯಗಳಿಗೆ ಎರಡು. ಅಂತರ್ಜಾಲಕ್ಕೆ ಗಡಿಯಿಲ್ಲದ್ದರಿಂದ ಸಾಮಾಜಿಕ ಜಾಲತಾಣಕ್ಕೆ ಪ್ರದೇಶದ ಪಟ್ಟು ಹಾಕುವುದಿಲ್ಲ.

ಅವಧಿಯ ಪಟ್ಟು ನೇರವಾಗಿ ಏರುವುದಿಲ್ಲ. ಮೂರು ತಿಂಗಳಿಗೆ ಅರ್ಧ, ಆರು ತಿಂಗಳಿಗೆ 0.7, ಒಂದು ವರ್ಷಕ್ಕೆ 1, ಎರಡು ವರ್ಷಕ್ಕೆ 1.6, ಮೂರು ವರ್ಷಕ್ಕೆ 2.1. ಮೂರು ತಿಂಗಳಿಗೆ ಕಾಲು ಭಾಗ ಅಲ್ಲ, ಅರ್ಧ. ಯಾಕೆಂದರೆ ದೀಪಾವಳಿ ಮಾರಾಟದ ಮೂರು ತಿಂಗಳಲ್ಲೇ ವ್ಯಾಪಾರಿ ವರ್ಷದ ಅರ್ಧ ಲಾಭ ಎತ್ತಬಹುದು. ಎರಡನೇ ವರ್ಷ ಕಡಿಮೆಯಾಗುವುದು, ಹಣ ಮುಂಗಡವಾಗಿ ಕೈಗೆ ಬರುತ್ತದೆ ಅನ್ನುವ ಕಾರಣಕ್ಕೆ. ಅವರು ಕಂತಿನಲ್ಲಿ ಕೊಡುವವರಾದರೆ ಈ ರಿಯಾಯಿತಿ ಕೊಡಬೇಡಿ.

ಎಕ್ಸ್‌ಕ್ಲೂಸಿವ್ ಹಕ್ಕು ಖಾದ್ಯ ತೈಲದ ವ್ಯಾಪಾರಕ್ಕೆ ಮಾತ್ರವಾದರೆ ಒಂದೂವರೆ ಪಟ್ಟು. ಯಾರಿಗೂ ಯಾವುದಕ್ಕೂ ಕೊಡಬಾರದು ಅಂದರೆ ಮೂರು ಪಟ್ಟು ಕೇಳಿ. ಆ ಫೋಟೊದ ದುಡಿಮೆ ಅಷ್ಟು ವರ್ಷ ಪೂರ್ತಿ ನಿಂತುಹೋಗುತ್ತದೆ. ರಸಗೊಬ್ಬರ ಕಂಪನಿಗೆ, ಟ್ರ್ಯಾಕ್ಟರ್ ಶೋರೂಮಿಗೆ, ಯಾರಿಗೂ ಕೊಡುವಂತಿಲ್ಲ. ಎಣ್ಣೆ ಮಿಲ್ಲಿಗೆ ಅಷ್ಟು ಬೇಕಾಗಿಯೂ ಇರುವುದಿಲ್ಲ.

ನಮ್ಮ ಪ್ರಕರಣದ ಲೆಕ್ಕ

ಮಿಲ್ಲಿನವರು ಹೇಳಿದ್ದು: ಒಂದು ಲೀಟರ್ ಪ್ಯಾಕೆಟ್ ಮೇಲೆ, ಕರ್ನಾಟಕದಾದ್ಯಂತ, ಎರಡು ವರ್ಷ, ಬೇರೆ ಎಣ್ಣೆಯವರಿಗೆ ಕೊಡಬಾರದು. ಜೊತೆಗೆ ಕಿರಾಣಿ ಅಂಗಡಿಗಳಿಗೆ ಸಣ್ಣ ಫ್ಲೆಕ್ಸು ಒಂದು ವರ್ಷ, ಅವರ ಇನ್‌ಸ್ಟಾಗ್ರಾಂ ಪುಟಕ್ಕೆ ಒಂದು ವರ್ಷ.

ಪ್ಯಾಕೆಟ್: 4,000ಕ್ಕೆ ನಾಲ್ಕು ಪಟ್ಟು 16,000. ಕರ್ನಾಟಕಕ್ಕೆ ಒಂದೂವರೆ ಹಾಕಿದರೆ 24,000. ಎರಡು ವರ್ಷಕ್ಕೆ 1.6ರಿಂದ ಗುಣಿಸಿದರೆ 38,400. ತೈಲ ವ್ಯಾಪಾರದ ಎಕ್ಸ್‌ಕ್ಲೂಸಿವ್ ಹಕ್ಕಿಗೆ ಒಂದೂವರೆ ಪಟ್ಟಾದರೆ 57,600.

ಫ್ಲೆಕ್ಸಿಗೆ ಇದೇ ರೀತಿ 9,000, ಇನ್‌ಸ್ಟಾಗ್ರಾಂಗೆ 4,000 ಬರುತ್ತದೆ. ಒಂದೇ ಗಿರಾಕಿ ಒಂದೇ ಫೋಟೊವನ್ನು ಹಲವು ಕಡೆ ತೆಗೆದುಕೊಂಡಾಗ ದೊಡ್ಡ ಬಳಕೆಗೆ ಪೂರ್ತಿ, ಉಳಿದವಕ್ಕೆ ಅರ್ಧ ಹಾಕುವುದು ನ್ಯಾಯ. ಎಕ್ಸ್‌ಕ್ಲೂಸಿವ್ ಪಟ್ಟನ್ನೂ ದೊಡ್ಡ ಬಳಕೆಯ ಮೇಲೆ ಒಂದೇ ಸಲ ಹಾಕಿದರೆ ಸಾಕು. ಹಾಗಾಗಿ ಫ್ಲೆಕ್ಸಿಗೆ 4,500, ಇನ್‌ಸ್ಟಾಗ್ರಾಂಗೆ 2,000. ಒಟ್ಟು 64,100 ರೂಪಾಯಿ.

ಈ ಅಂಕಿ ಕೇಳಿದ ಕೂಡಲೇ "ಒಂದು ಫೋಟೊಗೆ ಅರವತ್ನಾಲ್ಕು ಸಾವಿರಾನಾ? ಅಷ್ಟಕ್ಕೆ ಕ್ಯಾಮೆರಾನೇ ಬರುತ್ತಲ್ರಿ" ಅನ್ನುವುದು ಖಂಡಿತ. ನಮ್ಮ ಬಜೆಟ್ ನಲವತ್ತು ಅನ್ನುತ್ತಾರೆ ಎನ್ನಿ. ಇಲ್ಲಿ ಸುಮ್ಮನೆ ದರ ಇಳಿಸಿದರೆ ಮೊದಲು ಹೇಳಿದ ಲೆಕ್ಕವೆಲ್ಲ ಬುರುಡೆ ಎಂದಾಗುತ್ತದೆ. ದರ ಮುಟ್ಟದೆ ಹಕ್ಕನ್ನು ಕಡಿಮೆ ಮಾಡಿ.

ಯಾವುದನ್ನು ಕಡಿಮೆ ಮಾಡಬೇಕು ಎಂಬುದರಲ್ಲಿ ಯೋಚನೆ ಬೇಕು. ಎರಡು ವರ್ಷವನ್ನು ಒಂದು ವರ್ಷ ಮಾಡುವುದು ಎಲ್ಲಕ್ಕಿಂತ ಸುಲಭ ಎನಿಸುತ್ತದೆ, ಆದರೆ ಪ್ಯಾಕೆಟ್ಟಿನ ವಿಷಯದಲ್ಲಿ ಅದೇ ಹೆಚ್ಚು ಕೆಡುಕು. ಎಣ್ಣೆ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಹಾಳೆಯನ್ನು ಸಾಮಾನ್ಯವಾಗಿ ಗ್ರೇವ್ಯೂರ್ ಯಂತ್ರದಲ್ಲಿ ಮುದ್ರಿಸುತ್ತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಕೆತ್ತಿದ ಸಿಲಿಂಡರ್ ಬೇಕು. ಚಿತ್ರ ಬದಲಾದರೆ ಆ ಸಿಲಿಂಡರುಗಳನ್ನೇ ಹೊಸದಾಗಿ ಮಾಡಿಸಬೇಕು. ಅದರ ಮೇಲೆ, ಮುದ್ರಕರು ಕಡಿಮೆ ಪ್ರಮಾಣದ ಆರ್ಡರ್ ತೆಗೆದುಕೊಳ್ಳುವುದಿಲ್ಲ. ರೋಲುಗಟ್ಟಲೆ ಹಾಳೆ ಗೋಡೌನಿನಲ್ಲಿ ಬಿದ್ದಿರುತ್ತದೆ. ಇಂಥವರಿಗೆ ಒಂದು ವರ್ಷದ ಲೈಸೆನ್ಸ್ ಕೊಟ್ಟರೆ ಅವಧಿ ಮುಗಿದ ಮೇಲೂ ಅವರು ಬಳಸುವುದು ಗ್ಯಾರಂಟಿ. ಮೋಸ ಮಾಡಬೇಕೆಂದಲ್ಲ, ಉಳಿದ ಹಾಳೆಯನ್ನು ಸುಡಲು ಮನಸ್ಸು ಬರುವುದಿಲ್ಲ.

ಪ್ರದೇಶವನ್ನು ಕತ್ತರಿಸಿ ಚಿತ್ರದುರ್ಗ, ದಾವಣಗೆರೆಗೆ ಮಾತ್ರ ಎಂದು ಮಾಡುವುದೂ ಹುಸಿ. ಸಗಟು ವ್ಯಾಪಾರಿ ಲಾರಿಯಲ್ಲಿ ಬಳ್ಳಾರಿಗೋ ತುಮಕೂರಿಗೋ ಒಯ್ದರೆ ತಡೆಯುವವರಾರು? ಪಾಲಿಸಲಾಗದ ಷರತ್ತನ್ನು ಕಾಗದದಲ್ಲಿ ಬರೆಯಬಾರದು.

ಉಳಿದದ್ದು ಎಕ್ಸ್‌ಕ್ಲೂಸಿವ್ ಹಕ್ಕು ಮತ್ತು ಫ್ಲೆಕ್ಸು. ಇವೆರಡನ್ನು ತೆಗೆದರೆ ಪ್ಯಾಕೆಟ್ 38,400, ಇನ್‌ಸ್ಟಾಗ್ರಾಂ 2,000, ಒಟ್ಟು 40,400. ಮೇಲಿನ ನಾನೂರನ್ನು ಬಿಟ್ಟರೂ ಲೆಕ್ಕ ಕೆಡುವುದಿಲ್ಲ. ಪಕ್ಕದ ಮಿಲ್ಲಿನ ಭಯ ಹಾಗೇ ಉಳಿಯಿತಲ್ಲ ಎಂದರೆ ಅದಕ್ಕೊಂದು ನಡುದಾರಿ ಇದೆ: ಈ ಎರಡು ವರ್ಷದಲ್ಲಿ ಬೇರೆ ಎಣ್ಣೆಯವರು ಯಾರಾದರೂ ಈ ಫೋಟೊ ಕೇಳಿದರೆ, ಮೊದಲು ಇವರಿಗೆ ಲಿಖಿತವಾಗಿ ತಿಳಿಸುವುದು, ಏಳು ದಿನದೊಳಗೆ ಇವರು ಬಾಕಿ 19,200 ಕೊಟ್ಟರೆ ಹಕ್ಕು ಇವರಿಗೇ, ಇಲ್ಲವಾದರೆ ನೀವು ಮುಕ್ತ. ವ್ಯಾಪಾರಿಗಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಬೇಕಾದಾಗ ಮಾತ್ರ ಕೊಡುವ ಹಣ ಅದು.

ಟಿನ್ನಿಗೂ ಅದೇ ಚಿತ್ರ ಬೇಕೆಂದು ಮುಂದೆ ಕೇಳಿದರೆ, ಎರಡನೇ ಪ್ಯಾಕಿಂಗಿಗೆ ಮೊದಲನೆಯದರ ಅರ್ಧ ಎಂದು ಈಗಲೇ ಬರೆದಿಡಿ. ನವೀಕರಣದ ದರವನ್ನೂ ಈಗಲೇ ಬರೆಯಿರಿ. ಸಿಲಿಂಡರ್ ಆದ ಮೇಲೆ ಅವರು ನಿಮ್ಮ ಕೈಯಲ್ಲಿ ಸಿಕ್ಕಿಬಿದ್ದಿರುತ್ತಾರೆ, ಆಗ ದರ ಏರಿಸುವುದು ಅನ್ಯಾಯ ಎನಿಸಿ ಮುನಿಸಿಕೊಳ್ಳುತ್ತಾರೆ.

ವರ್ಷದ ಬದಲು ಪ್ಯಾಕೆಟ್ ಎಣಿಕೆ

ಕೆಲವು ಸಣ್ಣ ಗಾಣದವರಿಗೆ ಎರಡು ವರ್ಷದ ಹಣ ಒಮ್ಮೆಗೇ ಕೊಡಲು ಆಗುವುದಿಲ್ಲ, ಎಷ್ಟು ಮಾರಾಟವಾಗುತ್ತದೋ ಎಂಬ ಅಳುಕೂ ಇರುತ್ತದೆ. ಅಂಥವರಿಗೆ ಕಾಲದ ಬದಲು ಮುದ್ರಣದ ಸಂಖ್ಯೆಯ ಮೇಲೆ ಲೈಸೆನ್ಸ್ ಕೊಡಬಹುದು: ಒಂದು ಲಕ್ಷ ಪ್ಯಾಕೆಟ್ಟಿನ ಮುದ್ರಣಕ್ಕೆ ಇಷ್ಟು, ಮುಂದಿನ ಪ್ರತಿ 50,000ಕ್ಕೆ ಇಷ್ಟು.

ಇದರಲ್ಲಿ ಎಣಿಕೆ ಪರೀಕ್ಷಿಸುವುದು ಹೇಗೆ ಎಂಬುದೇ ಪ್ರಶ್ನೆ. ಮುದ್ರಕರು ಹಾಳೆಯನ್ನು ಕಿಲೋ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ. ಹತ್ತು ಖಾಲಿ ಪ್ಯಾಕೆಟ್‌ಗಳನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಒಂದಕ್ಕೆ 8 ಗ್ರಾಂ ಬಂದರೆ 800 ಕೆ.ಜಿ. ಹಾಳೆ ಎಂದರೆ ಒಂದು ಲಕ್ಷ ಪ್ಯಾಕೆಟ್. ಯಂತ್ರ ಹೊಂದಿಸುವಾಗ ಹಾಳಾಗುವುದಕ್ಕೆ ಸ್ವಲ್ಪ ಬಿಡಬೇಕು. ಪ್ರತಿ ಸಲ ಮುದ್ರಣವಾದಾಗ ಮುದ್ರಕರ ಬಿಲ್ಲಿನ ನಕಲು ಕೊಡಬೇಕು ಎಂದು ಒಪ್ಪಂದದಲ್ಲಿ ಸೇರಿಸಿ. ಬಿಲ್ ತೋರಿಸಲು ಹಿಂಜರಿಯುವವರ ಜೊತೆ ಎಣಿಕೆಯ ಲೈಸೆನ್ಸ್ ಬೇಡ, ವರ್ಷದ ಲೆಕ್ಕಕ್ಕೇ ಹೋಗಿ.

ಕಾಗದದಲ್ಲಿ ಏನಿರಬೇಕು

ಲೈಸೆನ್ಸ್ ಬರಹದಲ್ಲಿರಬೇಕು ಎನ್ನುತ್ತದೆ ಕಾಯ್ದೆಯ 30ನೇ ಸೆಕ್ಷನ್. ಅದಕ್ಕಿಂತ ಗಮನಿಸಬೇಕಾದ್ದು 19ನೇ ಸೆಕ್ಷನ್. 30ಎ ಮೂಲಕ ಅದು ಲೈಸೆನ್ಸಿಗೂ ಅನ್ವಯಿಸುತ್ತದೆ. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದೇ ಪರಿಗಣನೆ. ಪ್ರದೇಶ ಬರೆಯದಿದ್ದರೆ ಇಡೀ ಭಾರತ. ಅಂದರೆ 'ಫೋಟೊ ಬಳಸಲು ಒಪ್ಪಿಗೆ ಇದೆ, ರೂ. 10,000 ಪಡೆದಿದ್ದೇನೆ' ಎಂದು ಎರಡು ಸಾಲು ಬರೆದುಕೊಟ್ಟವರು ದೇಶಪೂರ್ತಿ ಐದು ವರ್ಷದ ಹಕ್ಕು ಕೊಟ್ಟ ಹಾಗಾಯಿತು. ನಮ್ಮ ಪಟ್ಟಿಯಲ್ಲಿ ಮೂರು ವರ್ಷಕ್ಕೆ, ದಕ್ಷಿಣದ ರಾಜ್ಯಗಳಿಗೆ ಎಷ್ಟಾಗುತ್ತದೆಂದು ನೀವೇ ಗುಣಿಸಿ ನೋಡಿ, ಇದರ ಬೆಲೆ ಅದಕ್ಕಿಂತಲೂ ಹೆಚ್ಚು.

ನಮ್ಮ ಪ್ರಕರಣಕ್ಕೆ ಮುಖ್ಯ ಸಾಲುಗಳು ಹೀಗಿರಬಹುದು:

"ಲಗತ್ತಿಸಿದ ಛಾಯಾಚಿತ್ರವನ್ನು ತಮ್ಮ ಒಂದು ಲೀಟರ್ ಶೇಂಗಾ ಎಣ್ಣೆ ಪ್ಯಾಕೆಟ್ಟಿನ ಮುಂಭಾಗದಲ್ಲಿ ಮುದ್ರಿಸಲು ಕರ್ನಾಟಕ ರಾಜ್ಯದ ಮಾರಾಟಕ್ಕಾಗಿ ಎರಡು ವರ್ಷ, ಹಾಗೂ ತಮ್ಮ ಒಂದು ಇನ್‌ಸ್ಟಾಗ್ರಾಂ ಪುಟದಲ್ಲಿ ಒಂದು ವರ್ಷ ಬಳಸಲು ಅನುಮತಿ ನೀಡಲಾಗಿದೆ. ಈ ಅನುಮತಿ ಎಕ್ಸ್‌ಕ್ಲೂಸಿವ್ ಅಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಕೃತಿಸ್ವಾಮ್ಯ ಛಾಯಾಗ್ರಾಹಕರಲ್ಲೇ ಉಳಿಯುತ್ತದೆ. ಪೂರ್ತಿ ಶುಲ್ಕ ಸಂದ ದಿನದಿಂದ ಅನುಮತಿ ಜಾರಿಗೆ ಬರುತ್ತದೆ. ಅವಧಿ ಮುಗಿದ ನಂತರ ಹೊಸದಾಗಿ ಮುದ್ರಿಸುವಂತಿಲ್ಲ. ಮೊದಲೇ ಮುದ್ರಿಸಿದ ಹಾಳೆಯಲ್ಲಿ ಎಣ್ಣೆ ತುಂಬಲು 90 ದಿನ ಅವಕಾಶವಿದೆ."

ಕೊನೆಯ ಸಾಲು ಸಿಲಿಂಡರ್ ಕಥೆಗೆ ಪರಿಹಾರ. ಮುದ್ರಣ ನಿಲ್ಲುವ ದಿನ ಬೇರೆ, ತುಂಬುವುದು ನಿಲ್ಲುವ ದಿನ ಬೇರೆ. ಅಂಗಡಿಗೆ ಹೋದ ಪ್ಯಾಕೆಟ್ ಮಾರಾಟವಾಗುವವರೆಗೆ ಇದ್ದೇ ಇರುತ್ತದೆ, ಅದಕ್ಕೆ ತಕರಾರು ಮಾಡಬೇಡಿ. ಇನ್‌ಸ್ಟಾಗ್ರಾಂ ವಿಷಯದಲ್ಲೂ ಹಳೆಯ ಪೋಸ್ಟ್ ಅಳಿಸಬೇಕೇ, ಹೊಸದಾಗಿ ಹಾಕಬಾರದು ಎಂದಷ್ಟೇ ಸಾಕೇ ಎಂದು ಒಂದು ಸಾಲು ಇರಲಿ. ಎರಡನೆಯದು ಸಾಕು ಅನ್ನುವುದು ನಮ್ಮ ಅಭಿಪ್ರಾಯ.

ಒಪ್ಪಿದ್ದಕ್ಕಿಂತ ಹೆಚ್ಚು ಬಳಸಿದರೆ ಆ ಬಳಕೆಗೆ ಇದೇ ಪಟ್ಟಿಯ ದರದ ಎರಡರಷ್ಟು ಕೊಡಬೇಕು ಎಂಬ ಷರತ್ತನ್ನೂ ಹಾಕಿ, ಪಟ್ಟಿಯನ್ನು ಜೊತೆಗೇ ಲಗತ್ತಿಸಿ.

ಫೈಲು, ಬಿಲ್ಲು

ಹಣ ಖಾತೆಗೆ ಬಂದ ಮೇಲೆ ಫೈಲ್ ಕಳಿಸಿ, ಅದೂ ಬೇಕಾದಷ್ಟು ಗಾತ್ರದ್ದನ್ನು ಮಾತ್ರ. ಪ್ಯಾಕೆಟ್ಟಿನ ಮುಖ 17 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಎಂದಾದರೆ 300 ಡಿಪಿಐಗೆ ಸುಮಾರು 2,000 x 2,950 ಪಿಕ್ಸೆಲ್. ಅಂಚಿಗೆ ಸ್ವಲ್ಪ ಸೇರಿಸಿ 2,100 x 3,100 ಕೊಟ್ಟರೆ ಸಾಕು. ಇನ್‌ಸ್ಟಾಗ್ರಾಂಗೆ 1,080 x 1,350 ಬೇರೆಯಾಗಿ ಕೊಡಿ. ಪೂರ್ತಿ ಗಾತ್ರದ ಫೈಲು ಡಿಸೈನರ್ ಕೈಗೆ ಹೋದರೆ ಅಲ್ಲಿಂದ ಫ್ಲೆಕ್ಸ್ ಅಂಗಡಿಗೆ, ಅಲ್ಲಿಂದ ಇನ್ನೊಬ್ಬ ಗಿರಾಕಿಯ ಕ್ಯಾಲೆಂಡರಿಗೆ ಹೋಗುವುದು ತಡವಾಗುವುದಿಲ್ಲ. ನಮ್ಮೂರ ಫ್ಲೆಕ್ಸಿನವರು ಸಣ್ಣ ಫೈಲನ್ನೂ ಎಳೆದು ಹತ್ತಡಿ ಮಾಡಬಲ್ಲರು, ಆದರೆ ಅದು ಮಸುಕಾಗಿ ಬರುತ್ತದೆ ಅನ್ನುವುದೊಂದೇ ಸಮಾಧಾನ.

ಲೈಟ್‌ರೂಮಿನಲ್ಲಿ Creator, Copyright, Rights Usage Terms ಎಂಬ ಜಾಗಗಳನ್ನು ತುಂಬಿ. ಕೊನೆಯದರಲ್ಲಿ ಗಿರಾಕಿ, ಬಳಕೆ, ಮುಗಿಯುವ ದಿನಾಂಕ ಬರೆಯಿರಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ, ಗುಣಮಟ್ಟವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಇಲ್ಲವೇ ಇಮೇಲಿನಲ್ಲಿ ಕಳಿಸಿ. ಮೂಲ ರಾ ಫೈಲನ್ನು ಯಾರಿಗೂ ಕೊಡಬೇಡಿ. ಫೋಟೊ ತೆಗೆದದ್ದು ನೀವೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ.

ಬಿಲ್ಲಿನಲ್ಲಿ 'ಫೋಟೊ ಚಾರ್ಜ್' ಎಂದು ಬರೆಯದೆ 'ಛಾಯಾಚಿತ್ರ ಬಳಕೆಯ ಲೈಸೆನ್ಸ್ ಶುಲ್ಕ, ಒಪ್ಪಂದದ ಪ್ರಕಾರ' ಎಂದು ದಿನಾಂಕ ಸಮೇತ ಬರೆಯಿರಿ. 'ಫೋಟೊ ಚಾರ್ಜ್' ಎಂದಿದ್ದರೆ ಅವರೇ ಹೇಳಿ ತೆಗೆಸಿದ ಫೋಟೊ ಎಂದು ವಾದಿಸಲು ದಾರಿಯಾಗುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಣಿ ಇದ್ದರೆ ಈ ಶುಲ್ಕಕ್ಕೆ ಶೇ 18 ಸೇರಿಸಿ. ಸಂಗೀತ ಕಂಪನಿ, ನಿರ್ಮಾಪಕರಂಥವರಿಗೆ ಕೊಟ್ಟಾಗ ಮಾತ್ರ ತೆರಿಗೆ ಕಟ್ಟುವ ಹೊಣೆ ಅವರ ಮೇಲೆ ಬೀಳುತ್ತದೆ, ಎಣ್ಣೆ ಮಿಲ್ಲಿಗೆ ಆ ನಿಯಮ ಇಲ್ಲ. ರಾಯಲ್ಟಿ ಪಾವತಿ ಒಂದು ಹಣಕಾಸು ವರ್ಷದಲ್ಲಿ 50,000 ಮೀರಿದರೆ, ಟಿಡಿಎಸ್ ಕಡಿಯಬೇಕಾದ ಸಂಸ್ಥೆ ಶೇ 10 ಹಿಡಿದು ಉಳಿದದ್ದನ್ನು ಕೊಡುತ್ತದೆ. ನಮ್ಮ 40,000ಕ್ಕೆ ಅದು ಬರುವುದಿಲ್ಲ. ಅದೇ ವರ್ಷ ಎಕ್ಸ್‌ಕ್ಲೂಸಿವ್ ಹಕ್ಕಿನ 19,200 ಸೇರಿದರೆ ಒಟ್ಟು 59,200ರ ಮೇಲೆ 5,920 ಹಿಡಿಯುತ್ತಾರೆ. ಅದು ಕಳೆದುಹೋದ ಹಣವಲ್ಲ, ಪ್ಯಾನ್ ಕೊಟ್ಟಿದ್ದರೆ ನಿಮ್ಮ ತೆರಿಗೆ ಖಾತೆಗೆ ಜಮೆಯಾಗುತ್ತದೆ.

ಅವಧಿ ಮುಗಿದ ಮೇಲೆ

ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ ಮಿಲ್ಲಿಗೆ ಒಂದು ಸಂದೇಶ ಕಳಿಸಿ: ಮುಂದುವರಿಸುತ್ತೀರಾ, ಇಲ್ಲವಾದರೆ ಹೊಸ ಹಾಳೆ ಮುದ್ರಿಸಬೇಡಿ ಎಂದು. ಹೆಚ್ಚಿನವರು ಇದಕ್ಕೇ ನವೀಕರಿಸುತ್ತಾರೆ, ಸಿಲಿಂಡರ್ ಖರ್ಚಿನ ಮುಂದೆ ನಿಮ್ಮ ನವೀಕರಣ ಶುಲ್ಕ ಅವರಿಗೆ ಹಗುರ.

ಉತ್ತರ ಬರದಿದ್ದರೆ ಅವಧಿ ಮುಗಿದು 90 ದಿನ ಕಳೆದ ಮೇಲೆ ಕಿರಾಣಿ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಕೊಂಡುಕೊಳ್ಳಿ. ಪ್ಯಾಕ್ ಮಾಡಿದ ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯನ್ನು ಪ್ಯಾಕೆಟ್ ಮೇಲೆ ನಮೂದಿಸಲೇಬೇಕೆಂಬ ನಿಯಮ ಆಹಾರ ಪದಾರ್ಥಗಳಿಗೆ ಇದೆ. ಆ ದಿನಾಂಕ ಗಡುವಿನ ಆಚೆಗಿದ್ದರೆ ಬೇರೆ ವಾದವೇ ಬೇಕಿಲ್ಲ. ಅಂಗಡಿಯ ಬಿಲ್ ಪಡೆದು, ಪ್ಯಾಕೆಟ್ಟನ್ನು ಒಡೆಯದೆ ಇಟ್ಟುಕೊಂಡು, ದಿನಾಂಕ ಕಾಣುವ ಹಾಗೆ ಫೋಟೊ ತೆಗೆದಿಡಿ. ಒಂದೇ ಪ್ಯಾಕೆಟ್ ಸಾಲದು. ಹದಿನೈದು ದಿನ ಬಿಟ್ಟು ಬೇರೆ ಬ್ಯಾಚಿನದು ಇನ್ನೊಂದು ಸಿಕ್ಕರೆ, ತುಂಬುವುದು ಮುಂದುವರಿದಿದೆ ಎಂಬುದು ಖಚಿತವಾಗುತ್ತದೆ.

ಆಮೇಲೂ ಮೊದಲು ಕಳಿಸಬೇಕಾದ್ದು ವಕೀಲರ ನೋಟಿಸ್ ಅಲ್ಲ, ಬಿಲ್. ಪ್ಯಾಕೆಟ್ಟಿನ ಫೋಟೊ, ಒಪ್ಪಂದದ ಷರತ್ತು, ಹೆಚ್ಚುವರಿ ತಿಂಗಳುಗಳ ಲೆಕ್ಕ ಇವನ್ನು ಸೇರಿಸಿ, 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆರು ತಿಂಗಳ ಹೆಚ್ಚುವರಿ ಬಳಕೆ ಎಂದರೆ 24,000ದ 0.7, ಅಂದರೆ 16,800; ಷರತ್ತಿನಂತೆ ಎರಡರಷ್ಟು 33,600. ಅವರು ನವೀಕರಣಕ್ಕೆ ಒಪ್ಪಿ ಬಂದರೆ ಒಂದರಷ್ಟಕ್ಕೇ ಮುಗಿಸಿಕೊಳ್ಳುವುದು ಜಾಣತನ. ಒಪ್ಪದಿದ್ದರೆ 55ನೇ ಸೆಕ್ಷನ್ ಅಡಿ ತಡೆಯಾಜ್ಞೆ, ನಷ್ಟಪರಿಹಾರ ಎರಡನ್ನೂ ಕೇಳಬಹುದು. 62ನೇ ಸೆಕ್ಷನ್ ಪ್ರಕಾರ ಕೃತಿಸ್ವಾಮ್ಯದ ಒಡೆಯರು ತಾವು ವಾಸಿಸುವ ಇಲ್ಲವೇ ವ್ಯವಹಾರ ನಡೆಸುವ ಕಡೆಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ದಾವೆ ಹೂಡುವ ಹೊತ್ತಿಗೆ ಒಪ್ಪಂದ, ರಾ ಫೈಲ್, ಹಣ ಬಂದ ಬ್ಯಾಂಕ್ ದಾಖಲೆ, ಆ ಹೆಣ್ಣುಮಗಳ ಒಪ್ಪಿಗೆ ಪತ್ರ ಮತ್ತು ಒಡೆಯದ ಪ್ಯಾಕೆಟ್‌ಗಳು ಒಂದೇ ಕಡೆ ಇರಲಿ. ಎಣ್ಣೆ ಪ್ಯಾಕೆಟ್ಟನ್ನು ಮಾತ್ರ ಇನ್ನೊಂದು ಕವರಿನಲ್ಲಿ ಹಾಕಿಡಿ, ಸೋರಿದರೆ ಕಾಗದವೆಲ್ಲ ಹಾಳು.